ಎಣಿಕೆ ಒಂದೇ, ಹೆಸರು ಎರಡು

ಇನ್‌ಸ್ಟಾಗ್ರಾಮ್‌ನಲ್ಲಿ ಯಕ್ಷಗಾನದ ರೀಲ್ಸ್ ನೋಡುವವರು ಗಮನಿಸಿರಬಹುದು, ಕೆಲವು ವಿಡಿಯೊಗಳ ನೆತ್ತಿಯ ಮೇಲೆ ಎರಡು ಹೆಸರು ಇರುತ್ತವೆ. ಒಂದು ಚಿತ್ರೀಕರಿಸಿದವರದು, ಇನ್ನೊಂದು ಮೇಳದ್ದು. 2021ರಲ್ಲಿ ಬಂದ ಈ ಸೌಲಭ್ಯಕ್ಕೆ ಬಳಕೆಯ ಹೆಸರು ಕೊಲ್ಯಾಬ್. ಮೇಳವನ್ನು ಬರೀ ಟ್ಯಾಗ್ ಮಾಡಿದರೆ ವಿಡಿಯೊ ಅದರ ಪ್ರೊಫೈಲಿನ ಟ್ಯಾಗ್ ಮೂಲೆಯಲ್ಲಿ ಕೂರುತ್ತದೆ. ಅಲ್ಲಿಗೆ ಹೋಗಿ ನೋಡುವವರು ಕಡಿಮೆ. ಪೋಸ್ಟ್ ಹಾಕುವಾಗ Tag people ಒಳಗೆ ಹೋಗಿ ಕೊಲ್ಯಾಬ್ ಆಹ್ವಾನ ಕಳಿಸಿ, ಮೇಳದವರು ಒಪ್ಪಿಕೊಂಡರೆ, ಅದೇ ವಿಡಿಯೊ ಎರಡೂ ಪ್ರೊಫೈಲಿನಲ್ಲಿ ನಿಲ್ಲುತ್ತದೆ. ಅವರು ಒಪ್ಪುವ ತನಕ ಅದು ನಿಮ್ಮೊಬ್ಬರದೇ.

ಲೆಕ್ಕ ತಪ್ಪುವುದು ಇದರ ನಂತರ. ಒಂದು ಉದಾಹರಣೆ ಹಿಡಿಯೋಣ. ವಿಡಿಯೊದವರಿಗೆ 5,000 ಫಾಲೋವರ್ಸ್, ಮೇಳಕ್ಕೆ 8,000, ಇಬ್ಬರನ್ನೂ ಹಿಂಬಾಲಿಸುವವರು 3,000. ಹಾಗಾದರೆ ಇಬ್ಬರ ಬಳಗ ಸೇರಿ 13,000 ಅಲ್ಲ, 10,000. ಅವರೆಲ್ಲರ ಕಣ್ಣಿಗೂ ಬೀಳುತ್ತದೆ ಎಂಬ ಖಾತ್ರಿಯೂ ಇಲ್ಲ. ವಿಡಿಯೊ 20,000 ವೀಕ್ಷಣೆ ಕಂಡಿತು ಎನ್ನಿ. ವಿಡಿಯೊದವರ ಪುಟದಲ್ಲೂ 20,000, ಮೇಳದ ಪುಟದಲ್ಲೂ 20,000 ಎಂದೇ ಕಾಣುತ್ತದೆ. ಅದು ಹಂಚಿಕೆಯೂ ಅಲ್ಲ, ಎರಡು ಪಟ್ಟೂ ಅಲ್ಲ. ಒಂದೇ ಎಣಿಕೆಯನ್ನು ಎರಡು ಕಡೆಯಿಂದ ನೋಡುವುದು ಅಷ್ಟೇ. ಲೈಕುಗಳದೂ ಇದೇ ಕತೆ. ಇಬ್ಬರೂ ಬೇರೆ ಬೇರೆಯಾಗಿ ಪ್ರಾಯೋಜಕರಿಗೆ ಸ್ಕ್ರೀನ್‌ಶಾಟ್ ಕೊಟ್ಟು, ಅವರು ಕೂಡಿಸಿ 40,000 ಎಂದುಕೊಂಡರೆ, ಇಲ್ಲದ 20,000 ವೀಕ್ಷಣೆಗೆ ಹಣ ಕೊಟ್ಟಂತೆ. ಎರಡು ಸ್ಕ್ರೀನ್‌ಶಾಟ್‌ಗಳಲ್ಲೂ ಅದೇ ವಿಡಿಯೊ ಇದ್ದು, ನೆತ್ತಿಯ ಮೇಲೆ ಅದೇ ಎರಡು ಹೆಸರಿದ್ದರೆ, ಕೂಡಿಸಬಾರದು ಎಂದು ತಿಳಿಯಿರಿ.

ಕಾಮೆಂಟುಗಳೂ ಒಂದೇ ರಾಶಿ. ಕ್ಯಾಮೆರಾ ಯಾವುದು ಎಂದು ಕೇಳುವವರೂ ಮುಂದಿನ ಆಟ ಎಲ್ಲಿ ಎಂದು ಕೇಳುವವರೂ ಒಂದರ ಕೆಳಗೊಂದು ಬರೆಯುತ್ತಾರೆ. ಯಾರು ಯಾವುದಕ್ಕೆ ಉತ್ತರಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಇಬ್ಬರೂ ಸುಮ್ಮನಿರುತ್ತಾರೆ. ನಾನು ಕಂಡಂತೆ ಪ್ರೇಕ್ಷಕರ ಸಿಟ್ಟು ಬೀಳುವುದು ಮಾತ್ರ ಮೇಳದ ಮೇಲೆ.

ಹಕ್ಕು ಮಾತ್ರ ಸಮಪಾಲಲ್ಲ. ಇಬ್ಬರೂ ಉಳುತ್ತಾರೆ, ಪಹಣಿ ಒಬ್ಬರದೇ. ಒಕ್ಕಣೆ ಬರೆದು ಮೊದಲು ಹಾಕಿದವರು ಪೋಸ್ಟ್ ಅಳಿಸಿದರೆ ಎರಡೂ ಕಡೆಯಿಂದ ಹೋಗುತ್ತದೆ, ಲೈಕು ಕಾಮೆಂಟುಗಳ ಸಮೇತ. ಆಹ್ವಾನ ಒಪ್ಪಿಕೊಂಡವರು ಹೊರಬಂದರೆ ಅವರ ಪುಟದಿಂದಷ್ಟೇ ಮಾಯ. ಬಂದ ಲೈಕುಗಳೆಲ್ಲ ಮೂಲದವರ ಬಳಿಯೇ ಉಳಿಯುತ್ತವೆ. ಇಬ್ಬರಿಗೂ ಮನಸ್ತಾಪ ಬಂದಾಗ ಇದು ತಿಳಿಯುತ್ತದೆ, ಆಗ ತಡವಾಗಿರುತ್ತದೆ.

ಹಾಗಾಗಿ ನನ್ನ ತೀರ್ಮಾನ ಇಷ್ಟು: ಹತ್ತು ವರ್ಷ ಉಳಿಯಬೇಕಾದ ದಾಖಲೆಯಾದರೆ ಮೇಳವೇ ತನ್ನ ಖಾತೆಯಿಂದ ಹಾಕಲಿ, ಚಿತ್ರೀಕರಿಸಿದವರು ಆಹ್ವಾನ ಒಪ್ಪಿಕೊಳ್ಳಲಿ. ಮೂಲ ವಿಡಿಯೊ ಫೈಲು ಇಬ್ಬರ ಬಳಿಯೂ ಇರಲಿ.