ಎಣಗಾಯಿಯಲ್ಲಿ ಎಣ್ಣೆಗೆ ಏನು ಕೆಲಸ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಊಟದಲ್ಲಿ ಎಣ್ಣೆ ಕಡಿಮೆ ಮಾಡಲು ಹೊರಟವರು ರೊಟ್ಟಿಯ ತಂಟೆಗೆ ಹೋಗಬೇಕಾಗಿಲ್ಲ. ಜೋಳದ ರೊಟ್ಟಿ ಹಂಚಿಗೆ ಬಿದ್ದು, ಮೇಲೆ ನೀರು ಸವರಿಸಿಕೊಂಡು, ಬೆಂಕಿಯ ಮೇಲೆ ಉಬ್ಬುವವರೆಗೂ ಒಂದು ಹನಿ ಎಣ್ಣೆ ಬೇಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳೂ ಹಾಗೆಯೇ, ಹುರಿದು ಕುಟ್ಟಿದರೆ ಆಯಿತು. ಎಣ್ಣೆ ಸುರಿಯುವುದು ಪಲ್ಯದಲ್ಲಿ, ಅದರಲ್ಲೂ ಬದನೆಕಾಯಿ ಎಣಗಾಯಿಯಲ್ಲಿ, ಮತ್ತೆ ಸಂಜೆಯ ಮಿರ್ಚಿ ಭಜಿಯಲ್ಲಿ. ಏರ್ ಫ್ರೈಯರ್, ಕುಕ್ಕರ್, ಒಣ ಹುರಿಯುವಿಕೆ ಈ ಮೂರರ ಬೆಲೆ ತಿಳಿಯಬೇಕಾದರೆ ಈ ಎರಡು ತಿನಿಸುಗಳಲ್ಲಿ ಎಣ್ಣೆ ಮಾಡುವ ಕೆಲಸವೇನೆಂದು ಮೊದಲು ಕೇಳಬೇಕು. ಆ ಕೆಲಸವನ್ನು ಬೇರೊಂದು ಮಾಡಬಲ್ಲದಾದರೆ ಮಾತ್ರ ಎಣ್ಣೆ ತೆಗೆಯಬಹುದು.

ಎಣಗಾಯಿಯಲ್ಲಿ ಎಣ್ಣೆಗೆ ಎರಡು ಕೆಲಸ. ಕಾಯಿಯನ್ನು ಮೆತ್ತಗೆ ಬೇಯಿಸುವುದು ಒಂದು, ಮಸಾಲೆಯ ಪರಿಮಳವನ್ನು ಹೊತ್ತು ನಾಲಿಗೆಗೆ ಮುಟ್ಟಿಸುವುದು ಇನ್ನೊಂದು. ಹಸಿ ಬದನೆಯ ತಿರುಳು ಸ್ಪಂಜಿನಂತೆ ಗಾಳಿ ತುಂಬಿಕೊಂಡಿರುತ್ತದೆ. ಬಾಣಲೆಯಲ್ಲಿ ಹುರಿದಷ್ಟೂ ಎಣ್ಣೆ ಹೀರುತ್ತದೆ, ಹೀಗಾಗಿ ಎಂಟು ಕಾಯಿಗೆ ಆರು ದೊಡ್ಡ ಚಮಚ ಎಣ್ಣೆ ಹಾಕಿದರೂ ಸಾಲದೆನಿಸುತ್ತದೆ. ಅದೇ ಕಾಯಿ ಮೊದಲು ಹಬೆಯಲ್ಲಿ ಬೆಂದರೆ ಒಳಗಿನ ಗಾಳಿಯ ಗೂಡುಗಳು ಕುಸಿಯುತ್ತವೆ, ಎಣ್ಣೆ ಹೀರುವ ಜಾಗವೇ ಉಳಿಯುವುದಿಲ್ಲ. ಈ ಮೊದಲ ಕೆಲಸಕ್ಕೆ ಕುಕ್ಕರ್ ಸಾಕು. ತೊಟ್ಟು ಉಳಿಸಿ ನಾಲ್ಕು ಸೀಳು ಮಾಡಿ ತುಂಬಿದ ಕಾಯಿಗಳನ್ನು ಒಂದು ಚಮಚ ಎಣ್ಣೆಯ ಒಗ್ಗರಣೆಯಲ್ಲಿ ಹೊರಳಿಸಿ, ಅರ್ಧ ಬಟ್ಟಲು ನೀರು ಹಾಕಿ, ಮಧ್ಯಮ ಉರಿಯಲ್ಲಿ ಒಂದೇ ಸೀಟಿ ಹೊಡೆಸಿ ಹಬೆ ಬಿಡಬೇಕು. ಎರಡನೆಯ ಸೀಟಿಗೆ ತಿರುಳು ಕರಗಿ ತೊಟ್ಟು ಮಾತ್ರ ಕೈಗೆ ಬರುತ್ತದೆ. ಆದರೆ ಕುಕ್ಕರಿನೊಳಗೆ ತೇವ ಹೊರಹೋಗುವುದಿಲ್ಲ, ಆದ್ದರಿಂದ ಯಾವುದೂ ಕೆಂಪಗಾಗುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಬಡಿಸಿದ ಎಣಗಾಯಿ ಬೇಯಿಸಿದ ತರಕಾರಿಯ ಹಾಗೆ ಸಪ್ಪೆಯಾಗಿರುವುದು ಇದಕ್ಕೇ. ಮುಚ್ಚಳವಿಲ್ಲದೆ ಇನ್ನೂ ಏಳೆಂಟು ನಿಮಿಷ ಸಣ್ಣ ಉರಿಯಲ್ಲಿಡದೆ ಕೆಲಸ ಮುಗಿಯುವುದಿಲ್ಲ.

ರುಚಿಯ ಭಾರ ಹೊರುವುದು ಹಂಚು. ಶೇಂಗಾ, ಎಳ್ಳು, ಗುರೆಳ್ಳುಗಳನ್ನು ಬೇರೆ ಬೇರೆಯಾಗಿಯೇ ಹುರಿಯಬೇಕು. ಶೇಂಗಾ ಹದಕ್ಕೆ ಬರುವಷ್ಟರಲ್ಲಿ ಎಳ್ಳು ಸುಟ್ಟು ಕಹಿಯಾಗಿರುತ್ತದೆ. ಶೇಂಗಾದ ಸಿಪ್ಪೆ ಕಳಚಿದರೆ ಸಾಲದು, ಬೀಜ ಸೀಳಿ ನೋಡಿದಾಗ ಒಳಮೈಯೂ ತಿಳಿ ಕೆಂಪಗಿರಬೇಕು. ಶೇಂಗಾ ಮತ್ತು ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಹುರಿದು ಕುಟ್ಟಿದ ಪುಡಿ ಗ್ರೇವಿಯಲ್ಲಿ ಕುದಿಯುತ್ತ ತನ್ನೊಳಗಿನ ಎಣ್ಣೆಯನ್ನು ಮೇಲಕ್ಕೆ ಬಿಡುತ್ತದೆ. ಅಂಚಿನಲ್ಲಿ ಎಣ್ಣೆ ತೇಲಿದರೆ ಪಲ್ಯ ಆಯಿತೆಂಬ ಹಳೆಯ ಗುರುತು ಇಲ್ಲಿಯೂ ಸಿಗುತ್ತದೆ. ಆ ಎಣ್ಣೆ ಮಾತ್ರ ಡಬ್ಬಿಯಿಂದ ಸುರಿದದ್ದಲ್ಲ.

ಹಾಗಾದರೆ ಕಾಳಿನ ಎಣ್ಣೆಯೂ ಎಣ್ಣೆಯೇ ಅಲ್ಲವೇ, ಉಳಿದದ್ದೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಎಂಟು ಕಾಯಿಯ ತುಂಬುವಿಕೆಯಲ್ಲಿ ಸುಮಾರು 40 ಗ್ರಾಂ ಕೊಬ್ಬು ಇದ್ದೇ ಇರುತ್ತದೆ, ಅದನ್ನು ಮರೆಮಾಚಬಾರದು. ಆದರೆ ಅದು ಮೊದಲೂ ಇತ್ತು, ಅದರ ಮೇಲೆ ಆರು ಚಮಚ ಬೀಳುತ್ತಿತ್ತು. ಆರನ್ನು ಎರಡಕ್ಕೆ ಇಳಿಸಿದರೆ ನಾಲ್ಕು ಜನರ ಮನೆಯಲ್ಲಿ ತಲೆಗೆ ಸುಮಾರು 14 ಗ್ರಾಂ ಉಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ಇಡೀ ದಿನಕ್ಕೆ ಇರುವ ಎಣ್ಣೆ 27 ಗ್ರಾಂ. ಒಂದೇ ಪಲ್ಯದಲ್ಲಿ ಅದರ ಅರ್ಧ ಉಳಿಯುವುದು ಸಣ್ಣ ಮಾತಲ್ಲ. ಹಿರಿಯರ ಆಕ್ಷೇಪ ಬೇರೆ: ಕುಸುಬಿ ಎಣ್ಣೆಯ ಘಮವೇ ಇಲ್ಲದಿದ್ದರೆ ಅದೆಂಥ ಎಣಗಾಯಿ? ಹಿಂಗಾರಿ ಜೋಳದ ಹೊಲದಲ್ಲಿ ಕುಸುಬಿಯನ್ನೂ ಬೆಳೆದ ನೆಲದಲ್ಲಿ ಈ ಮಾತಿಗೆ ತೂಕವಿದೆ. ಅದಕ್ಕಾಗಿಯೇ ಎರಡನೆಯ ಚಮಚ ಗಾಣದ ಕುಸುಬಿ ಎಣ್ಣೆಯಾಗಿರಬೇಕು, ಅದು ಒಲೆ ಆರಿಸಿದ ಮೇಲೆ ಬೀಳಬೇಕು. ಕಾಯಿಸಿದ ಮೂರು ಚಮಚಕ್ಕಿಂತ ಹೀಗೆ ಹಾಕಿದ ಒಂದು ಚಮಚ ಹೆಚ್ಚು ಘಮಿಸುತ್ತದೆ.

ಇನ್ನು ಏರ್ ಫ್ರೈಯರ್. ಅದು ಜೋರಾಗಿ ಬಿಸಿಗಾಳಿ ತಿರುಗಿಸುವ ಪುಟ್ಟ ಓವನ್ ಅಷ್ಟೇ, ಅದರಲ್ಲಿ ಕರಿಯುವ ಕ್ರಿಯೆ ನಡೆಯುವುದೇ ಇಲ್ಲ. ಹಪ್ಪಳ ಚೆನ್ನಾಗಿ ಸುಡುತ್ತದೆ, ಎಣ್ಣೆ ಸವರಿದ ಬದನೆಯೂ 180 ಡಿಗ್ರಿಯಲ್ಲಿ ಕಾಲು ಗಂಟೆಗೆ ಬೇಯುತ್ತದೆ, ಸವರದಿದ್ದರೆ ಸಿಪ್ಪೆ ಚರ್ಮದಂತಾಗುತ್ತದೆ. ಮಿರ್ಚಿ ಭಜಿಯಲ್ಲಿ ಮಾತ್ರ ಅದು ಸೋಲುತ್ತದೆ. ಕಡಲೆಹಿಟ್ಟಿನ ತೆಳು ಹಿಟ್ಟು ಕಾದ ಎಣ್ಣೆಗೆ ಬಿದ್ದ ಕ್ಷಣದಲ್ಲೇ ಗಟ್ಟಿಯಾಗಿ ಮೆಣಸಿನಕಾಯಿಯನ್ನು ಅಪ್ಪಿಕೊಳ್ಳುತ್ತದೆ. ಗಾಳಿಗೆ ಆ ವೇಗವಿಲ್ಲ, ಹಿಟ್ಟು ಜಾಲರಿಯಿಂದ ಕೆಳಗಿಳಿದು ಒಣಗುತ್ತದೆ. ಹಿಟ್ಟು ಗಟ್ಟಿ ಮಾಡಿದರೆ ಸಿಗುವುದು ಒಳಗೆ ಹಸಿಯಾದ, ಹೊರಗೆ ಬಿರುಸಾದ ಇನ್ನೊಂದು ತಿನಿಸು. ಭಜಿಯನ್ನು ಯಂತ್ರದಲ್ಲಿ ಕೆಡಿಸುವ ಬದಲು ಹದಿನೈದು ದಿನಕ್ಕೊಮ್ಮೆ ಸರಿಯಾಗಿ ಕರಿದು ತಿನ್ನುವುದೇ ಮೇಲು. ಒಂದೂವರೆ ಸಾವಿರ ವ್ಯಾಟ್ ಎಳೆಯುವ ಈ ಯಂತ್ರವನ್ನು ಮನೆಯ ಸಾಮಾನ್ಯ ಇನ್ವರ್ಟರ್ ಹೊರುವುದೂ ಕಷ್ಟ.

ಕುಕ್ಕರಿನ ಉಪಾಯಕ್ಕೂ ಮಿತಿ ಇದೆ. ಖಾನಾವಳಿಯಲ್ಲಿ ನೂರಾರು ಕಾಯಿಗಳನ್ನು ಒಂದರ ಮೇಲೊಂದು ಪೇರಿಸಿ ಸೀಟಿ ಹೊಡೆಸಿದರೆ ಕೆಳಗಿನ ಸಾಲು ಜಜ್ಜಿಹೋಗುತ್ತದೆ. ಅಲ್ಲಿ ಅಗಲ ಪಾತ್ರೆಯಲ್ಲಿ ಒಂದೇ ಪದರವಾಗಿ ಜೋಡಿಸಿ, ಮುಚ್ಚಿ, ಹಬೆಯಲ್ಲಿ ಬೇಯಿಸಿಕೊಂಡು ಆಮೇಲೆ ಮಸಾಲೆಗೆ ಇಳಿಸಬೇಕು. ಸಮಯ ಹೆಚ್ಚು ಹಿಡಿದರೂ ಎಣ್ಣೆಯ ಲೆಕ್ಕ ಅದೇ ಉಳಿಯುತ್ತದೆ.