ಅಜೀಜನೂ ನಾಲ್ಕು ಕ್ಯಾನು ಚಿನ್ನವೂ

ನಮ್ಮ ಹಾಸ್ಯಗೋಷ್ಠಿಗಳ ಅಧ್ಯಕ್ಷರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ಕನ್ನಡದ ನಿಜವಾದ ಹಾಸ್ಯ ಬದುಕನ್ನು ನೋಡಿ ಹುಟ್ಟಿದ್ದು, ‘ಹೀಗಾದರೆ ಹೇಗೆ’ ಎಂದು ಕಟ್ಟುವ ಹಾಸ್ಯ ಮಾತ್ರ ಹುಡುಗಾಟ, ಶಾಲೆಯ ನಿಬಂಧ ಪುಸ್ತಕದ ಸರಕು ಎಂದು. ಗೊರೂರರನ್ನು ನೆನೆದು, ಕೊರವಂಜಿಗೆ ಕೈಮುಗಿದು, ಬೀಚಿಯವರ ತಿಮ್ಮನಿಗೆ ಬೆನ್ನು ತಟ್ಟಿ ಅವರು ಕೂತುಬಿಡುತ್ತಾರೆ. ಇಷ್ಟು ವರ್ಷ ಸುಮ್ಮನೆ ಕೇಳಿದ್ದಾಯಿತು. ಹಟ್ಟಿಯ ಸುತ್ತಮುತ್ತ ಬೆಳೆದವನು ಇದನ್ನು ಹೆಚ್ಚು ದಿನ ಸಹಿಸಿಕೊಳ್ಳಲಾರ. ಚಿನ್ನದ ಗಣಿಯ ಪಕ್ಕ ಚಿನ್ನವಿಲ್ಲದೆ ಬದುಕುವ ಜನರಿಗೆ ‘ಹೀಗಾದರೆ’ ಎನ್ನುವುದು ಹುಡುಗಾಟವಲ್ಲ, ದಿನದ ಲೆಕ್ಕ.

ನಿಬಂಧ ಪುಸ್ತಕದ ಸರಕು ಕೆಟ್ಟದ್ದೆಂಬುದನ್ನು ನಾನೂ ಒಪ್ಪುತ್ತೇನೆ. ‘ನಾನು ಮುಖ್ಯಮಂತ್ರಿಯಾದರೆ’ ಎಂದು ಬರೆಯುವ ಹುಡುಗ ಎರಡನೆಯ ಸಾಲಿನಲ್ಲೇ ಬಡತನ ಹೋಗಲಾಡಿಸುತ್ತಾನೆ, ನಾಲ್ಕನೆಯ ಸಾಲಿನಲ್ಲಿ ಲಂಚ ನಿಲ್ಲಿಸುತ್ತಾನೆ. ಅಲ್ಲಿ ಯಾರೂ ಅಡ್ಡ ಬರುವುದಿಲ್ಲ. ಮುಖ್ಯಮಂತ್ರಿ ಬದಲಾದ ಕೂಡಲೇ ಗುಮಾಸ್ತ, ಗುತ್ತಿಗೆದಾರ, ಮತದಾರ ಎಲ್ಲರೂ ಬದಲಾಗಿಬಿಟ್ಟಿರುತ್ತಾರೆ. ನಿಜವಾದ ‘ಹೀಗಾದರೆ’ ಹಾಸ್ಯಕ್ಕೆ ಇರುವುದು ಒಂದೇ ಕಟ್ಟಳೆ: ಒಂದು ಸಂಗತಿಯನ್ನು ಮಾತ್ರ ಬದಲಿಸು, ಉಳಿದದ್ದನ್ನೆಲ್ಲ ಇದ್ದ ಹಾಗೆಯೇ ಬಿಡು. ಮನುಷ್ಯನ ಆಸೆಯನ್ನೂ ಕೂಡು-ಕಳೆಯ ಲೆಕ್ಕವನ್ನೂ ಮುಟ್ಟಬೇಡ. ಆಮೇಲೆ ಏನಾಗುತ್ತದೆಯೋ ಅದನ್ನು ಕೊನೆಯತನಕ ಹಿಂಬಾಲಿಸು. ಮೊದಲನೆಯ ಪರಿಣಾಮದಿಂದ ಎರಡನೆಯದು ಹುಟ್ಟಬೇಕು, ಎರಡನೆಯದರಿಂದ ಮೂರನೆಯದು. ಪ್ರತಿ ನಗೆಗೂ ಬರೆಯುವವನು ಮತ್ತೆ ಮೊದಲ ಊಹೆಗೇ ಓಡಿಹೋಗಿ ಹೊಸದೊಂದು ಚಟಾಕಿ ತರುತ್ತಿದ್ದರೆ, ಸರಕು ಖೋಟಾ ಎಂದು ತಿಳಿಯಿರಿ.

ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಊಹೆಯನ್ನೇ ಹಿಡಿಯೋಣ. ‘ಈ ಗಣಿ ಬಂಗಾರ ಎಲ್ಲಾ ಮಂದಿಗೂ ಹಂಚಿಬಿಟ್ರ ಏನಾಗ್ತದ?’ ಹಟ್ಟಿಯ ಕಂಪನಿ 1947ರಲ್ಲಿ, ನಿಜಾಮರ ಹೈದರಾಬಾದಿನ ಕಾಲದಲ್ಲಿ ಶುರುವಾದದ್ದು. ಈಚಿನ ವರ್ಷಗಳಲ್ಲಿ ಅಲ್ಲಿ ತೆಗೆಯುವ ಚಿನ್ನ ವರ್ಷಕ್ಕೆ ಸುಮಾರು ಒಂದೂವರೆ ಟನ್. ಚಿನ್ನ ಭಾರದ ಲೋಹ, ಆದ್ದರಿಂದ ಅಷ್ಟೂ ಚಿನ್ನ ಇಪ್ಪತ್ತು ಲೀಟರಿನ ನಾಲ್ಕು ನೀರಿನ ಕ್ಯಾನುಗಳಲ್ಲಿ ಹಿಡಿಸಿಬಿಡುತ್ತದೆ. ಒಂದೊಂದು ಕ್ಯಾನು ಎತ್ತಲು ಐದಾರು ಗಟ್ಟಿ ಆಳು ಬೇಕು, ಆ ಮಾತು ಬೇರೆ. 2011ರ ಜನಗಣತಿಯಂತೆ ಕರ್ನಾಟಕದ ಮಂದಿ 6.11 ಕೋಟಿ. ಭಾಗಿಸಿದರೆ ತಲೆಗೆ ಇಪ್ಪತ್ತನಾಲ್ಕೂವರೆ ಮಿಲಿಗ್ರಾಂ ಬರುತ್ತದೆ. ತೂಕದಲ್ಲಿ ಸಿಂಧನೂರಿನ ಸೋನಾ ಮಸೂರಿಯ ಎರಡು ಅಕ್ಕಿಕಾಳು, ಗಾತ್ರದಲ್ಲಿ ಒಂದು ರಾಗಿಕಾಳು. ಅಕ್ಕಸಾಲಿಗರ ಹಳೆಯ ತೂಕದ ಒಂದು ಗುಲಗಂಜಿ ತುಂಬಲು ಐದು ವರ್ಷ ಕಾಯಬೇಕು. ಒಂದು ತೊಲ ಆಗಲು ನಾನೂರ ಎಪ್ಪತ್ತೈದು ವರ್ಷ ಬೇಕು, ಅಂದರೆ 1565ರಲ್ಲಿ ತಾಳೀಕೋಟೆ ಯುದ್ಧ ನಡೆದಾಗ ಸರದಿಯಲ್ಲಿ ನಿಂತವನ ತೊಲ ಇವತ್ತಿಗೂ ತುಂಬಿಲ್ಲ.

ಇಲ್ಲಿಗೆ ನಿಲ್ಲಿಸುವವನು ಅಂಕಿ ಗೊತ್ತಿರುವ ಹರಟೆಗಾರ, ಅಷ್ಟೆ. ಹಾಸ್ಯ ಶುರುವಾಗುವುದು ಹಂಚುವ ಮೇಜಿನ ಹತ್ತಿರ. ಸರಾಫನ ಅಂಗಡಿಯಲ್ಲಿರುವಂಥ ತಕ್ಕಡಿಯನ್ನೇ ಅಲ್ಲಿಟ್ಟಿದ್ದಾರೆ ಎನ್ನಿ, ಅದು ಹತ್ತು ಹತ್ತು ಮಿಲಿಗ್ರಾಮಿನ ಲೆಕ್ಕದಲ್ಲಿ ತೋರಿಸುತ್ತದೆ. ಇಪ್ಪತ್ತು ತೋರಿಸಿದಾಗ ಗುಮಾಸ್ತ ಕೊಟ್ಟುಬಿಡುತ್ತಾನೆ, ಮೂವತ್ತಕ್ಕೆ ಹೋದರೆ ಅವನ ಸಂಬಳಕ್ಕೆ ಕತ್ತರಿ ಬೀಳುತ್ತದೆ. ಹಾಗೆ ಉಳಿಯುವ ನಾಲ್ಕೂವರೆ ಮಿಲಿಗ್ರಾಂ ಕಣ್ಣಿಗೂ ಕಾಣದು. ಆದರೆ 6.11 ಕೋಟಿ ಸಲ ಉಳಿದರೆ ಇನ್ನೂರ ಎಪ್ಪತ್ತೈದು ಕಿಲೋ. ಅದು ಎಲ್ಲಿ ಹೋಯಿತೆಂದು ಕೇಳಿದವನಿಗೆ ಅದು ಇರಲೇ ಇಲ್ಲ ಎಂಬ ಉತ್ತರ ಸಿಗುತ್ತದೆ, ಏಕೆಂದರೆ ಯಾವ ತಕ್ಕಡಿಯೂ ಅದನ್ನು ತೋರಿಸಿಲ್ಲ. ಗದ್ದಲ ಜಾಸ್ತಿಯಾಗಿ, ಚಿನ್ನದ ಬದಲು ಅದಿರನ್ನೇ ಹಂಚೋಣ, ತೂಕಕ್ಕಾದರೂ ಸಿಗಲಿ ಎಂದು ತೀರ್ಮಾನವಾಗುತ್ತದೆ. ಟನ್ ಕಲ್ಲಿಗೆ ಮೂರು ಗ್ರಾಂ ಚಿನ್ನ ಎಂದು ಹಿಡಿದರೂ ತಲೆಗೆ ಎಂಟು ಕಿಲೋ ಕಲ್ಲು, ಹತ್ತು ಟನ್ನಿನ ಲಾರಿಗಳು ಐವತ್ತು ಸಾವಿರ. ಮನೆಗೆ ಬಂದ ಕಲ್ಲನ್ನು ಹಿಟ್ಟಿನಂತೆ ನುಣ್ಣಗೆ ಅರೆದು ಸಯನೈಡಿನ ದ್ರಾವಣದಲ್ಲಿ ನೆನೆಹಾಕಬೇಕು. ಅದು ಯಾವ ಅಡುಗೆಮನೆಯಲ್ಲೂ ಆಗುವ ಕೆಲಸವಲ್ಲ. ಆದ್ದರಿಂದ ಆರು ಕೋಟಿ ಜನ ತಮ್ಮ ಕಲ್ಲನ್ನು ಬಂದ ಬೆಲೆಗೆ ಮಾರುತ್ತಾರೆ. ಕೊಳ್ಳಲು ಯಾರೋ ಒಬ್ಬ ಮೊದಲೇ ಹಟ್ಟಿಯ ಗೇಟಿನ ಹತ್ತಿರ ಶೆಡ್ಡು ಹಾಕಿಕೊಂಡು ಕೂತಿರುತ್ತಾನೆ.

ಆ ಇನ್ನೂರ ಎಪ್ಪತ್ತೈದು ಕಿಲೋದ ಪಕ್ಕದಲ್ಲಿ, ಆ ಶೆಡ್ಡಿನ ಬಾಗಿಲಲ್ಲಿ ನಿಂತವನು ಕನ್ನಡಕ್ಕೆ ಹೊಸಬನಲ್ಲ. 1964ರಿಂದ ನಮ್ಮ ನಡುವೆ ಇದ್ದಾನೆ. ಹೆಸರು ಅಜೀಜ್, ಕಸುಬಿನಲ್ಲಿ ಅಗಸ.

ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು ಆದರ್ಶವಾದಿ ದೊರೆಯ ದುರಂತವೆಂದು, ನೆಹರೂ ಯುಗದ ಭ್ರಮನಿರಸನವೆಂದು ಓದಿ ಓದಿ ಪಾಠ ಮಾಡುವವರಿಗೇ ಬೇಸರ ಬಂದಿದೆ. ಅಜೀಜನಿಗೆ ಆ ಪಾಠಗಳಲ್ಲಿ ಸಿಗುವುದು ‘ಹಾಸ್ಯ ಪಾತ್ರ’ ಎಂಬ ಒಂದು ಸಾಲು. ನನಗನ್ನಿಸುವುದು ಬೇರೆ. ಇದು ಕನ್ನಡದ ಅತ್ಯುತ್ತಮ ‘ಹೀಗಾದರೆ’ ಹಾಸ್ಯ, ದುರಂತ ಅದರ ಪಕ್ಕಕ್ಕೆ ಬಂದು ಕೂತದ್ದು. ತಂದೆಯನ್ನೂ ತಮ್ಮನನ್ನೂ ಕೊಂದ ಸುಲ್ತಾನನ ನಿದ್ದೆಗೆಟ್ಟ ರಾತ್ರಿಗಳು ಎಷ್ಟೇ ಗಂಭೀರವಾಗಿದ್ದರೂ ನನ್ನ ಕಣ್ಣು ಪರದೆಯ ಅಂಚಿನಲ್ಲಿ ಅಗಸ ಯಾವಾಗ ಬರುತ್ತಾನೆಂದು ಕಾಯುತ್ತಿರುತ್ತದೆ. ಇದು ಪಕ್ಷಪಾತ ಎಂದರೆ ಒಪ್ಪಿದೆ.

ಸುಲ್ತಾನನ ಊಹೆ ಸರಳ: ನ್ಯಾಯದ ಮುಂದೆ ದೊರೆಯೂ ಪ್ರಜೆಯೂ ಒಂದೇ ಆದರೆ? ಸರ್ಕಾರ ಅನ್ಯಾಯವಾಗಿ ಜಮೀನು ಕಿತ್ತುಕೊಂಡಿದ್ದರೆ ಯಾರು ಬೇಕಾದರೂ ದಾವೆ ಹಾಕಬಹುದು. ಒಳ್ಳೆಯ ಕಾನೂನೇ. ಬದಲಾದದ್ದು ಇದೊಂದೇ. ಇನ್ನು ಅಜೀಜನ ಲೆಕ್ಕ ನೋಡಿ. ಜಮೀನು ಕಳೆದುಕೊಂಡ ವಿಷ್ಣುಪ್ರಸಾದ ಎಂಬ ಬ್ರಾಹ್ಮಣನಿಂದ ಆ ಜಮೀನನ್ನು ಹಿಂದಿನ ತಾರೀಖು ಹಾಕಿಸಿ ಬರೆಸಿಕೊಳ್ಳುತ್ತಾನೆ. ತಾನು ಮುಸಲ್ಮಾನನಾಗಿಯೇ ಹೋಗಿ ಗೆದ್ದರೆ ಸುಲ್ತಾನನ ನಿಷ್ಪಕ್ಷಪಾತ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ರಾಹ್ಮಣನೊಬ್ಬ ಮುಸಲ್ಮಾನ ದೊರೆಯ ಮೇಲೆ ಗೆದ್ದರೆ ಊರಿಗೆಲ್ಲ ಡಂಗುರ. ದೊರೆಗೆ ಬೇಕಾದದ್ದು ಡಂಗುರ, ಆದ್ದರಿಂದ ಅಗಸ ಜುಟ್ಟು ಬಿಡುತ್ತಾನೆ. ದಾವೆ ಗೆಲ್ಲುತ್ತಾನೆ, ಐನೂರು ಬೆಳ್ಳಿ ನಾಣ್ಯ ಸಿಗುತ್ತದೆ, ಮೇಲೆ ಸರ್ಕಾರಿ ನೌಕರಿ. ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯಿಂದಲೇ ಬಂದದ್ದು. ಸುಲ್ತಾನನ ಕಾನೂನಿನಲ್ಲಿ ತಪ್ಪು ಹುಡುಕಿ ನೋಡಿ, ಸಿಗುವುದಿಲ್ಲ. ಅಜೀಜ ಅದನ್ನು ಮುರಿಯಲಿಲ್ಲ, ಚಾಚೂ ತಪ್ಪದೆ ಪಾಲಿಸಿದ.

ಎರಡನೆಯ ಊಹೆ ತಾಮ್ರದ ನಾಣ್ಯದ್ದು. ಇದು ಚರಿತ್ರೆಯಲ್ಲೂ ನಡೆದದ್ದು, 1330ರ ಆಸುಪಾಸಿನಲ್ಲಿ. ಬೆಳ್ಳಿಯ ನಾಣ್ಯದ ಬೆಲೆಯೇ ತಾಮ್ರದ್ದಕ್ಕೂ ಎಂದು ದೊರೆ ಹೇಳಿದ, ತಾಮ್ರ ಎಲ್ಲರ ಮನೆಯ ಅಡುಗೆಮನೆಯಲ್ಲೂ ಇತ್ತು. ಮನೆಮನೆಯೂ ಟಂಕಸಾಲೆಯಾಯಿತೆಂದು ಆ ಕಾಲದ ಇತಿಹಾಸಕಾರ ಬರನಿ ದೂರುತ್ತಾನೆ. ಸುಲ್ತಾನ ಕೊಟ್ಟ ಮಾತಿಗೆ ಕಟ್ಟುಬಿದ್ದು ಖೋಟಾ ನಾಣ್ಯಗಳಿಗೂ ಬೆಳ್ಳಿ ಕೊಟ್ಟು ಹಿಂತೆಗೆದುಕೊಂಡ. ನಾಟಕದಲ್ಲಿ ಆ ನಾಣ್ಯಗಳ ರಾಶಿ ಬೀಳುವುದು ಅವನ ಗುಲಾಬಿ ತೋಟದಲ್ಲಿ. ಅಜೀಜನೂ ಈ ಕಸುಬಿನಲ್ಲಿ ಕೈ ಆಡಿಸುತ್ತಾನೆ. ಒಂದೊಂದು ಫರ್ಮಾನಿಗೂ ಅವನಿಗೆ ಒಂದೊಂದು ಹೊಸ ವೃತ್ತಿ ಹುಟ್ಟುತ್ತದೆ. ಕೊನೆಗೆ ಖಲೀಫನ ವಂಶಸ್ಥನ ವೇಷದಲ್ಲಿ ಬಂದವನ ಕಾಲಿಗೆ ಸುಲ್ತಾನನೇ ಬೀಳುತ್ತಾನೆ. ಸಿಕ್ಕಿಬಿದ್ದಾಗ ಅವನು ಕೊಡುವ ಸಮಜಾಯಿಷಿಯ ತಿರುಳು, ನಿಮ್ಮ ಆಜ್ಞೆಗಳನ್ನು ನನ್ನಷ್ಟು ಅರ್ಥಮಾಡಿಕೊಂಡವರು ಬೇರೆ ಯಾರೂ ಇಲ್ಲ ಎಂಬುದು. ದೊರೆಗೆ ಅದು ನಿಜವೆಂದು ಗೊತ್ತು. ಶಿಕ್ಷೆಯ ಬದಲು ಅಧಿಕಾರ ಕೊಟ್ಟು ದಖ್ಖನಿಗೆ ಕಳಿಸುತ್ತಾನೆ. ಅಂದರೆ ನಮ್ಮ ಕಡೆಗೇ! ಹಂಚುವ ಮೇಜಿನ ಹತ್ತಿರ ಅವನನ್ನು ನಾನು ಸುಮ್ಮನೆ ನಿಲ್ಲಿಸಲಿಲ್ಲ.

ಕಂಪನಿ ನಾಟಕದಲ್ಲಿ ಹಿಂದೆ ದರ್ಬಾರಿನ ಸೀನು ಕಟ್ಟುವ ಹೊತ್ತಿಗೆ ಮುಂದಿನ ಪರದೆಯ ಎದುರು ಇಬ್ಬರು ಹಾಸ್ಯಗಾರರು ಬಂದು ಹೋಗುತ್ತಿದ್ದರಲ್ಲ, ಅಜೀಜ್ ಮತ್ತು ಜೇಬುಗಳ್ಳ ಆಜಮರನ್ನು ಕಾರ್ನಾಡರು ಮೊದಲು ಎಣಿಸಿದ್ದು ಆ ಜಾಗಕ್ಕೇ. ಬರೆಯುತ್ತ ಹೋದಂತೆ ಅಜೀಜ ಅಲ್ಲಿ ನಿಲ್ಲಲು ಒಪ್ಪಲಿಲ್ಲ ಎಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಊಹೆಯನ್ನು ಪ್ರಾಮಾಣಿಕವಾಗಿ ಹಿಂಬಾಲಿಸಿದರೆ ಹೀಗೆಯೇ ಆಗುತ್ತದೆ: ಮುಂದಿನ ಪರದೆಯವನು ದರ್ಬಾರಿಗೆ ನುಗ್ಗುತ್ತಾನೆ.

ಇದರ ಪಕ್ಕದಲ್ಲಿ ಉಪೇಂದ್ರರ ‘ಸೂಪರ್’ (2010) ಇಟ್ಟು ನೋಡಿ. 2030ರ ಭಾರತ, ರೂಪಾಯಿ ಡಾಲರನ್ನು ಮೀರಿಸಿದೆ, ಬಿಳಿಯರು ಇಲ್ಲಿಗೆ ಕೂಲಿಗೆ ಬಂದು ಕನ್ನಡ ಮಾತಾಡುತ್ತಾರೆ. ಊಹೆ ಅಜೀಜನಿಗೆ ಸಾಟಿಯಾದದ್ದೇ, ಥೇಟರಿನಲ್ಲಿ ಸೀಟಿ ಬಿದ್ದದ್ದೂ ನ್ಯಾಯವೇ. ಆದರೆ ಆ ಬಿಳಿಯರಿಗೆ ಕೂಲಿ ಎಷ್ಟು, ಅದರಲ್ಲಿ ಕಮಿಷನ್ ತಿನ್ನುವವನು ಯಾರು, ಅವರಿಗೆ ಮನೆ ಬಾಡಿಗೆ ಕೊಡುವವನು ಯಾವ ಜಾತಿ ಕೇಳುತ್ತಾನೆ ಎಂಬ ದಾರಿಗೆ ಚಿತ್ರ ಹೋಗುವುದೇ ಇಲ್ಲ. ನಾಯಕ ಭಾಷಣಕ್ಕೆ ನಿಲ್ಲುತ್ತಾನೆ. ನಿಬಂಧದ ಹುಡುಗ ಮುಖ್ಯಮಂತ್ರಿಯಾಗಿಬಿಟ್ಟ.

ಈಗ ಅಧ್ಯಕ್ಷರ ಮೆಚ್ಚಿನ ‘ನಿರ್ಮಲ ಹಾಸ್ಯ’ಕ್ಕೆ ಬರುತ್ತೇನೆ. ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಕೊರವಂಜಿ ಶುರುಮಾಡಿ ಕಾಲು ಶತಮಾನ ನಡೆಸಿದರು. ಆರ್. ಕೆ. ಲಕ್ಷ್ಮಣರ ಆರಂಭದ ಗೆರೆಗಳು ಅಲ್ಲಿ ಕಂಡವು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪರಂಪರೆಯನ್ನು ಹೊಗಳುವ ಭರದಲ್ಲಿ ವಿಮರ್ಶಕರು ಒಂದು ಕೆಟ್ಟ ಅಳತೆಗೋಲು ಮಾಡಿಕೊಂಡರು: ಯಾರಿಗೂ ನೋವಾಗದ ನಗೆಯೇ ಶ್ರೇಷ್ಠ, ಮುಗುಳ್ನಗೆ ಸಭ್ಯ, ಹೊಟ್ಟೆ ಹಿಡಿದು ನಗುವುದು ಒರಟು. ಕಾಫಿ ಲೋಟ ಹಿಡಿದು ಪಕ್ಕದ ಮನೆಯವರನ್ನು ನೋಡಿ ನಗುವವರಿಗೆ ಈ ಅಳತೆ ಸರಿಹೋಗುತ್ತದೆ, ಅವರ ಪಾಲಿನ ತೂಕದಲ್ಲಿ ಯಾರೂ ನಾಲ್ಕೂವರೆ ಮಿಲಿಗ್ರಾಂ ಹೊಡೆದಿಲ್ಲ. ಗಂಗಾವತಿಯ ಪ್ರಾಣೇಶರು ನಮ್ಮ ಮಾತಿನಲ್ಲೇ ವೇದಿಕೆ ಹತ್ತಿದಾಗ ಇಡೀ ನಾಡು ನಕ್ಕಿತು. ಅದೇ ಅಧ್ಯಕ್ಷರು ಆಗ ಅದನ್ನು ಸಾಹಿತ್ಯವಲ್ಲ, ಮನರಂಜನೆ ಎಂದರು. ಬೀಚಿಯವರಿಗೂ ಜೀವಂತ ಇದ್ದಾಗ ಇದೇ ಮರ್ಯಾದೆ ಸಿಕ್ಕಿತ್ತು. ಸತ್ತ ಮೇಲೆ ಬೆನ್ನು ತಟ್ಟುವುದು ಸುಲಭ.

ಮುಂದಿನ ಹಾಸ್ಯ ಸಂಕಲನದ ಸಂಪಾದಕರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ನೆಗಡಿ, ಹೆಂಡತಿಯ ತವರು, ಕಳೆದುಹೋದ ಕೊಡೆಗಳ ಮೇಲಿನ ಪ್ರಬಂಧಗಳಲ್ಲಿ ಎರಡನ್ನು ಕೈಬಿಟ್ಟು, ‘ತುಘಲಕ್’ನ ಮೊದಲ ದೃಶ್ಯವನ್ನು ಹಾಕಿ. ಅಡಿಯಲ್ಲಿ ‘ನಾಟಕದಿಂದ ಆಯ್ದ ಭಾಗ’ ಎಂದು ಬರೆಯದೆ, ನೇರವಾಗಿ ಹಾಸ್ಯವೆಂದೇ ಅಚ್ಚು ಮಾಡಿ.