ಕಾಗದದ ಉಡುಪಿನ ಫಿರ್ಯಾದಿ

ಉರ್ದುವಿನ ‘ಶೇರ್’ ಎರಡೇ ಸಾಲಿನ ಪದ್ಯ. ಅದರ ಅರ್ಥವನ್ನು ಕನ್ನಡ ಗದ್ಯದಲ್ಲಿ ಹೇಳುವುದು ಕಷ್ಟವಲ್ಲ. ಹೇಳಿದ ಮೇಲೆ ಅದರ ಜೀವವನ್ನು ಉಳಿಸುವುದು ಕಷ್ಟ. ಮಿರ್ಜಾ ಗಾಲಿಬನ (1797–1869) ಉರ್ದು ದಿವಾನಿನ ಮೊಟ್ಟಮೊದಲ ಶೇರನ್ನೇ ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಅದರ ಮೊದಲ ಸಾಲು ಒಂದು ಪ್ರಶ್ನೆ. ಚಿತ್ರವೊಂದು ದೂರು ಹೊತ್ತು ನಿಂತಿದೆ. ತನ್ನನ್ನು ಬರೆದ ಯಾವ ಕೈಯ ಚೇಷ್ಟೆಯ ಮೇಲೆ ಈ ದೂರು ಎಂದು ಕವಿ ಕೇಳುತ್ತಾನೆ. ಚಿತ್ರಿತವಾದ ಪ್ರತಿಯೊಂದು ಆಕೃತಿಯೂ ಕಾಗದದ ಉಡುಪನ್ನೇ ತೊಟ್ಟಿದೆ ಎಂಬುದು ಎರಡನೆಯ ಸಾಲಿನ ಭಾವ. ನ್ಯಾಯ ಬೇಡುವವನು ಕಾಗದದ ಅಂಗಿ ತೊಟ್ಟು ದೊರೆಯೆದುರು ನಿಲ್ಲುವ ರೂಢಿ ಇರಾನಿನಲ್ಲಿತ್ತೆಂದು ಗಾಲಿಬನೇ ಒಂದು ಪತ್ರದಲ್ಲಿ ವಿವರಿಸಿದ್ದಾನೆ. ಆದರೆ ಹೈದರಾಬಾದಿನಲ್ಲಿ ನೆಲಸಿದ್ದ ವಿದ್ವಾಂಸ ನಜ್ಮ್ ತಬಾತಬಾಯಿ 1900ರಲ್ಲಿ ಪ್ರಕಟವಾದ ತಮ್ಮ ವ್ಯಾಖ್ಯಾನದಲ್ಲಿ, ಇಂಥ ರೂಢಿಯನ್ನು ತಾವು ಕಂಡೂ ಇಲ್ಲ, ಕೇಳಿಯೂ ಇಲ್ಲ ಎಂದರು. ಆದಕಾರಣ ನಾವು ಅದನ್ನು ಇತಿಹಾಸವೆಂದು ಸಾಧಿಸಹೊರಡದೆ, ಪಾರಸಿ ಕಾವ್ಯದಲ್ಲಿ ಬಳಕೆಯಲ್ಲಿದ್ದ ಕವಿಸಮಯವೆಂದು ಹೇಳಿ ಮುಂದೆ ಸಾಗುವುದು ಲೇಸು.

ಈ ಶೇರಿನ ಶಬ್ದಗಳಲ್ಲಿ ಹಲವು ನಮಗೆ ಅಪರಿಚಿತವಲ್ಲ. ನಕ್ಷೆ, ಫಿರ್ಯಾದಿ, ಕಾಗದ, ತಸಬೀರು – ಇವೆಲ್ಲ ಕನ್ನಡದ ಮನೆಯಲ್ಲಿ ಬಹುಕಾಲದಿಂದ ಇರುವ ಮಾತುಗಳು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರ್ಗಿ, ಬೀದರ, ರಾಯಚೂರುಗಳ ಕಡೆ ಇನ್ನೂ ಹೆಚ್ಚು. ಆದರೆ ಪರಿಚಯವೇ ಮೋಸಕ್ಕೆ ಕಾರಣವಾಗಬಹುದು. ನಮ್ಮ ‘ನಕ್ಷೆ’ ಊರಿನದು, ಹೊಲದ್ದು. ಗಾಲಿಬನ ‘ನಕ್ಷ್’ ಚಿತ್ರ, ಅಚ್ಚು, ಗುರುತು ಎಲ್ಲವೂ ಹೌದು. ಅವನ ‘ಶೋಖಿ’ಯನ್ನು ನಮ್ಮ ‘ಷೋಕಿ’ ಎಂದು ತಿಳಿದರಂತೂ ಶೇರೇ ಕೆಡುತ್ತದೆ. ನಮ್ಮ ಷೋಕಿ ಬಂದಿರುವುದು ಆಸೆ, ಅಭಿರುಚಿ ಎಂಬರ್ಥದ ‘ಶೌಕ್’ ಎಂಬ ಬೇರೊಂದು ಶಬ್ದದಿಂದ. ‘ಶೋಖಿ’ ಎಂದರೆ ತುಂಟತನ, ದಿಟ್ಟತನ, ಬಣ್ಣದ ಕಾಂತಿ.

ಒಂದೆಡೆ ಮಾತ್ರ ಕನ್ನಡ ತಾನಾಗಿ ಒದಗುತ್ತದೆ. ‘ತಹರೀರ್’ ಬರವಣಿಗೆಯೂ ಹೌದು, ಚಿತ್ರಕಾರನ ರೇಖೆಯೂ ಹೌದು. ನಾವೂ ಅಕ್ಷರ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಆದುದರಿಂದ ‘ಬರಹ’ ಎಂದರೆ ಶ್ಲೇಷ ಉಳಿಯುತ್ತದೆ. ಆದರೆ ‘ಬರಹ’ ಎಂದೊಡನೆ ನಮ್ಮ ಕಿವಿ ‘ಹಣೆಬರಹ’ವನ್ನೂ ಕೇಳುತ್ತದೆ. ಮೂಲದ ಶಬ್ದದಲ್ಲಿ ಆ ಅರ್ಥವಿಲ್ಲ. ಹಣೆಬರಹವೆಂದರೆ ಮನುಷ್ಯ ತಲೆಬಾಗುತ್ತಾನೆ. ಗಾಲಿಬನ ಚಿತ್ರವಾದರೋ ತಲೆಯೆತ್ತಿ ದೂರುತ್ತದೆ.

ನಾವೇ ಒಮ್ಮೆ ಪ್ರವಚನದಲ್ಲಿ ಈ ಶೇರನ್ನು ವಿವರಿಸಿ ತಪ್ಪಿದ್ದುಂಟು. ಕಾಗದವೆಂದರೆ ನಶ್ವರ ದೇಹ, ಬರೆದವನು ಪರಮಾತ್ಮ, ಸಂಸಾರವು ಅಸಾರ ಎಂದು ಸಲೀಸಾಗಿ ಮುಗಿಸಿದೆವು. ಕೋರ್ಟಿನ ಬಾಗಿಲಲ್ಲಿ ಅರ್ಜಿ ಬರೆದು ಬದುಕಿದ ಹಿರಿಯರೊಬ್ಬರು ಆಮೇಲೆ ಬಂದು, “ಅಪ್ಪಾವರೇ, ಕಾಗದ ಉಳೀತು, ಫಿರ್ಯಾದಿ ಎಲ್ಲಿ ಹೋದ?” ಎಂದರು. ಮಾತು ನಾಟಿತು. ನಾವು ದೂರನ್ನು ಉಪದೇಶ ಮಾಡಿದ್ದೆವು. ಪ್ರಶ್ನೆಗೆ ಉತ್ತರ ಕೊಟ್ಟು ಪ್ರಶ್ನೆಯನ್ನೇ ಕೊಂದಿದ್ದೆವು.

ಈ ಶೇರಿನ ಜೀವ ‘ಯಾರ’ ಎಂಬ ಆ ಮಾತಿನಲ್ಲಿದೆ. ದಿವಾನಿನ ಆರಂಭದಲ್ಲಿ ದೇವರ ಸ್ತುತಿ ಬರುವುದು ವಾಡಿಕೆ. ಆ ಸ್ಥಾನದಲ್ಲಿ ಗಾಲಿಬ್ ದೂರನ್ನಿಟ್ಟಿದ್ದಾನೆ. ಆದರೆ ಯಾರ ಹೆಸರನ್ನೂ ಹೇಳಿಲ್ಲ. ಅಲ್ಲಿ ಸೃಷ್ಟಿಕರ್ತನನ್ನು ಕಾಣಬಹುದು. ಕವಿಯನ್ನೂ ಕಾಣಬಹುದು, ಏಕೆಂದರೆ ಓದುಗನ ಕೈಯಲ್ಲಿರುವ ಹಾಳೆಯ ಅಕ್ಷರಗಳೂ ಕಾಗದವನ್ನುಟ್ಟು, ತಮ್ಮನ್ನು ಬರೆದವನ ಮೇಲೆ ದೂರುತ್ತಿರಬಹುದು. ಇದರಲ್ಲಿ ನೋವಿದೆ, ಜೊತೆಗೆ ನಗೆಯೂ ಇದೆ: ದೂರು ಕ್ರೌರ್ಯದ ಮೇಲಲ್ಲ, ತುಂಟತನದ ಮೇಲೆ. ದೂರುವ ಬಾಯಿಯೇ ಆ ಕೈಯ ಕೌಶಲವನ್ನು ಹೊಗಳುತ್ತಿದೆ.

ಆದ್ದರಿಂದ ವಿವರಣೆಗೊಂದು ಕ್ರಮ ಬೇಕು. ಮೊದಲು ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಹೇಳಬೇಕು. ಅನಂತರ ಕಾಗದದ ಅಂಗಿಯ ಸಂಕೇತವನ್ನು ಒಂದೇ ವಾಕ್ಯದಲ್ಲಿ ತಿಳಿಸಬೇಕು. ಚಿತ್ರವಿರುವುದೇ ಕಾಗದದ ಮೇಲೆ ಎಂಬ ಸರಳ ಸಂಗತಿಯನ್ನು ಅದರ ಪಕ್ಕದಲ್ಲಿಡಬೇಕು. ಚಮತ್ಕಾರ ಹುಟ್ಟುವುದು ಅಲ್ಲಿಯೇ. ನಶ್ವರತೆಯ ಮಾತು ಕೊನೆಗೆ, ಅದೂ ‘ಹೀಗೂ ತೋರುತ್ತದೆ’ ಎಂಬಷ್ಟು ಮೆಲ್ಲಗೆ ಬರಲಿ.

ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗೆ ಟೀಕೆ ಓದಿದವರಿಗೆ ಈ ಅಪಾಯ ಹೊಸದಲ್ಲ. ಪ್ರತಿಯೊಂದು ಸಂಕೇತಕ್ಕೂ ಒಂದೊಂದು ತತ್ತ್ವವನ್ನು ಕಟ್ಟಿಹಾಕಿದ ಟೀಕೆಯಲ್ಲಿ ತತ್ತ್ವ ಸಿಗುತ್ತದೆ, ಬೆಡಗು ಸಿಗುವುದಿಲ್ಲ. ನಮ್ಮ ವಿವರಣೆ ಕೇಳಿದವನು ‘ಅರ್ಥವಾಯಿತು’ ಎಂದು ಎದ್ದುಹೋದರೆ ಎಲ್ಲಿಯೋ ತಪ್ಪಿದ್ದೇವೆಂದೇ ತಿಳಿಯಬೇಕು. ‘ಹಾಗಾದರೆ ಬರೆದವನು ಯಾರು?’ ಎಂದು ಅವನು ಕೇಳಿದರೆ, ಫಿರ್ಯಾದಿ ಇನ್ನೂ ನಿಂತಿದ್ದಾನೆ.